ಫೋಟೊದಲ್ಲಿದ್ದ ಗಿಡ ಸರಿ, ಬೆಕ್ಕು ತಿಂದ ಗಿಡ ಬೇರೆ: ಡೊಂಬಿವಲಿಯ ಒಂದು ಲಿಲಿ ಪ್ರಕರಣ

ಬೆಕ್ಕಿನ ಹೆಸರು ಚಿನ್ನಿ. ಮೂರು ವರ್ಷದ ಹೆಣ್ಣು, ಸಂತಾನಹರಣ ಚಿಕಿತ್ಸೆ ಆದದ್ದು, ತೂಕ 3.4 ಕೆ.ಜಿ. ಮುಖ ಮತ್ತು ಎದೆ ಬಿಳಿ, ಬೆನ್ನು ಬೂದು. ಮನೆ ಡೊಂಬಿವಲಿ ಪೂರ್ವದಲ್ಲಿ, ಮೂರನೇ ಮಹಡಿ. ಧಾರವಾಡ ಕಡೆಯ ಕುಟುಂಬ. ಮುಂಬಯಿಯ ಬಹಳಷ್ಟು ಫ್ಲ್ಯಾಟುಗಳಂತೆ ಇಲ್ಲಿಯೂ ಕೈತೋಟವೆಂದರೆ ಹಾಲ್‌ನ ಕಿಟಕಿಗೆ ಹೊರಚಾಚಿದ ಕಬ್ಬಿಣದ ಗ್ರಿಲ್. ಅದರಲ್ಲಿ ಹನ್ನೊಂದು ಕುಂಡ. ಬೆಕ್ಕು ಬಿಸಿಲಿಗೆ ಮಲಗುವ ಜಾಗವೂ ಅದೇ.

ಶನಿವಾರ ಯಜಮಾನರ ನಿವೃತ್ತಿಯ ಬೀಳ್ಕೊಡುಗೆ. ರಾತ್ರಿ ಹತ್ತಕ್ಕೆ ಮನೆಗೆ ಬಂದಾಗ ಕೈಯಲ್ಲಿ ದೊಡ್ಡ ಹೂಗುಚ್ಛವಿತ್ತು. ಅದನ್ನು ನೀರಿನ ಹೂದಾನಿಗೆ ಹಾಕಿ ಟಿ.ವಿ. ಕಪಾಟಿನ ಮೇಲೆ ಇಟ್ಟು, ಹನ್ನೊಂದಕ್ಕೆ ಎಲ್ಲರೂ ಮಲಗಿದರು. ಭಾನುವಾರ ಬೆಳಗ್ಗೆ ಆರೂವರೆಗೆ ಹಾಲ್‌ನ ನೆಲದ ಮೇಲೆ ಎರಡು ಕಡೆ ವಾಂತಿ ಬಿದ್ದಿತ್ತು, ಅದರಲ್ಲಿ ಹಸಿರು ಚೂರುಗಳಿದ್ದವು. ಬೆಕ್ಕು ಮಂಚದ ಕೆಳಗೆ ಮುದುಡಿ ಕೂತಿತ್ತು. ಮನೆಯಾಕೆ ಮೊದಲು ನೋಡಿದ್ದು ಗ್ರಿಲ್. ಅಲ್ಲಿನ ಪೀಸ್ ಲಿಲಿಯ ಒಂದು ಎಲೆ ಅಂಚಿನಲ್ಲಿ ಹರಿದಿತ್ತು. ಇದೇ ಇರಬೇಕೆಂದು ಅದರ ಫೋಟೊ ತೆಗೆದು 6:50ಕ್ಕೆ ಕಟ್ಟಡದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದರು: ಬೆಕ್ಕು ಇದನ್ನು ತಿಂದಿದೆ, ಯಾವ ಗಿಡ, ವಿಷವೇ?

ಹದಿನೈದು ನಿಮಿಷದಲ್ಲಿ ಉತ್ತರ ಬಂತು. "ವೈನೀ, ಇದು ಪೀಸ್ ಲಿಲಿ. ಬಾಯಿ ತುರಸ್ತದ ಅಷ್ಟ, ಏನೂ ಆಗಂಗಿಲ್ಲ. ಸ್ವಲ್ಪ ಹಾಲು ಕುಡಸ್ರಿ."

ಈ ಉತ್ತರದಲ್ಲಿ ಗಿಡದ ಹೆಸರು ಸರಿ, ಆ ಗಿಡದ ಬಗ್ಗೆ ಹೇಳಿದ ಮಾತೂ ಬಹುಮಟ್ಟಿಗೆ ಸರಿ. ಆದರೂ ಇದನ್ನು ನಂಬಿಕೊಂಡಿದ್ದರೆ ಬೆಕ್ಕು ಉಳಿಯುತ್ತಿರಲಿಲ್ಲ ಎನ್ನುವಷ್ಟು ಅಪಾಯವಿತ್ತು. ಪ್ರಕರಣವನ್ನು ವಿವರವಾಗಿ ದಾಖಲಿಸಲು ಅದೇ ಕಾರಣ.

ಒಂದು ಹೆಸರು, ಹಲವು ಗಿಡ

ನಮ್ಮ ನರ್ಸರಿಗಳಲ್ಲಿ ‘ಲಿಲಿ’ ಎಂದು ಮಾರುವ ಗಿಡಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದವು ಬಹಳ. ಪೀಸ್ ಲಿಲಿ ನಿಜವಾಗಿ ಕೆಸುವಿನ ಕುಟುಂಬದ್ದು. ಮಳೆಗಾಲದಲ್ಲಿ ಅರಳುವ ಗುಲಾಬಿ ಬಣ್ಣದ ರೇನ್ ಲಿಲಿ, ಉದ್ದ ಬಿಳಿ ಎಸಳಿನ ಸ್ಪೈಡರ್ ಲಿಲಿ, ಚೆಂಡಿನಂತೆ ಕೆಂಪಾಗಿ ಅರಳುವ ಫುಟ್‌ಬಾಲ್ ಲಿಲಿ, ಈ ಮೂರೂ ಇನ್ನೊಂದು ಕುಟುಂಬದವು. ಅವುಗಳ ಗೆಡ್ಡೆ ತಿಂದರೆ ವಾಂತಿ ಭೇದಿ ಜೋರಾಗುತ್ತದೆ. ಆದರೆ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡುವ ಲಿಲಿಗಳು ಎರಡೇ ಕುಲದವು: ಹೂಗುಚ್ಛಗಳಲ್ಲಿ ಬರುವ ಏಷಿಯಾಟಿಕ್ ಮತ್ತು ಓರಿಯೆಂಟಲ್ ಲಿಲಿಗಳ ಲಿಲಿಯಮ್ ಕುಲ, ಮತ್ತು ತೋಟಗಳಲ್ಲಿ ಬೆಳೆಸುವ ಡೇ ಲಿಲಿಯ ಹೆಮರೊಕ್ಯಾಲಿಸ್ ಕುಲ. ಹುಡುಕುವಾಗ ‘ಲಿಲಿ’ ಎಂದಷ್ಟೇ ಬರೆದರೆ ಎಲ್ಲವೂ ಕಲಸಿಕೊಂಡು ಬರುತ್ತವೆ. Lilium, Hemerocallis, Spathiphyllum ಎಂದು ಕುಲದ ಹೆಸರನ್ನೇ ಬರೆದು, ಅಮೆರಿಕದ ASPCA ಸಂಸ್ಥೆಯ ವಿಷಸಸ್ಯಗಳ ಪಟ್ಟಿಯಲ್ಲಿ ನೋಡಬೇಕು. ಆ ಪಟ್ಟಿಯಲ್ಲಿ ಬೆಕ್ಕು, ನಾಯಿ, ಕುದುರೆ ಮೂರಕ್ಕೂ ಬೇರೆಬೇರೆಯಾಗಿ ವಿಷವೇ ಅಲ್ಲವೇ ಎಂದು ಕೊಟ್ಟಿರುತ್ತಾರೆ.

ಪೀಸ್ ಲಿಲಿ ಏನು ಮಾಡುತ್ತದೆ ಎಂಬುದನ್ನು ಕನ್ನಡಿಗರಿಗೆ ಹೇಳುವುದು ಸುಲಭ. ಪತ್ರೊಡೆಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದಲ್ಲ, ಅದೇ ಕಾರಣ. ಕೆಸುವಿನ ಕುಟುಂಬದ ಎಲೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ. ಅಗಿದೊಡನೆ ಅವು ಸಿಡಿದು ನಾಲಗೆ, ವಸಡು, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಮನಿ ಪ್ಲಾಂಟ್, ಡಿಫೆನ್‌ಬೇಕಿಯಾ, ಫಿಲೊಡೆಂಡ್ರಾನ್, ಸಿಂಗೋನಿಯಂ, ಆಂಥೂರಿಯಂ, ಅಗ್ಲೋನೆಮಾ ಎಲ್ಲವೂ ಇದೇ ಬಗೆ. ನೋವು ಕೂಡಲೇ ಶುರುವಾಗುವುದರಿಂದ ಪ್ರಾಣಿ ಹೆಚ್ಚು ತಿನ್ನುವುದಿಲ್ಲ. ಜೊಲ್ಲು ಸುರಿಸುತ್ತದೆ, ಪಂಜದಿಂದ ಬಾಯಿ ಉಜ್ಜಿಕೊಳ್ಳುತ್ತದೆ, ಒಂದೆರಡು ಸಲ ವಾಂತಿ ಮಾಡಬಹುದು. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ ಸ್ವಲ್ಪ ಹಾಲು ಅಥವಾ ಮೊಸರು ನೆಕ್ಕಿಸಿದರೆ ಹೆಚ್ಚಿನ ಸಲ ಕೆಲವು ಗಂಟೆಗಳಲ್ಲಿ ತಣಿಯುತ್ತದೆ. ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಲಿಲಿಯಮ್‌ನ ಕಥೆಯೇ ಬೇರೆ. ಅದರಲ್ಲಿರುವ ವಿಷವಸ್ತು ಯಾವುದು ಎಂಬುದನ್ನು ಇನ್ನೂ ಗುರುತಿಸಿಲ್ಲ, ನೀರಿನಲ್ಲಿ ಕರಗುವಂಥದ್ದು ಎಂಬುದಷ್ಟೇ ತಿಳಿದಿದೆ. ಎಲೆ, ಎಸಳು, ಕಾಂಡ, ಪರಾಗ, ಹೂದಾನಿಯ ನೀರು ಎಲ್ಲವೂ ಅಪಾಯ. ಎರಡು ಮೂರು ಎಲೆ ಸಾಕು, ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ಬಾಯಿ ಉರಿಯುವುದಿಲ್ಲವಾದ್ದರಿಂದ ಬೆಕ್ಕು ನಿಲ್ಲಿಸದೆ ಅಗಿಯುತ್ತದೆ. ಮೊದಲ ಹನ್ನೆರಡು ಗಂಟೆಯೊಳಗೆ ವಾಂತಿ, ಜೊಲ್ಲು, ಊಟ ಬಿಡುವುದು. ಆಮೇಲೆ ವಾಂತಿ ನಿಲ್ಲುತ್ತದೆ. ನೋಡುವವರಿಗೆ ಚೇತರಿಸಿಕೊಂಡಂತೆ ಕಾಣುತ್ತದೆ. ಆ ಹೊತ್ತಿಗೇ ಒಳಗೆ ಮೂತ್ರಪಿಂಡದ ಸಣ್ಣ ನಳಿಗೆಗಳ ಜೀವಕೋಶಗಳು ಸಾಯತೊಡಗಿರುತ್ತವೆ. 12ರಿಂದ 24 ಗಂಟೆಗಳ ನಡುವೆ ಮೂತ್ರ ಹೆಚ್ಚುತ್ತದೆ, ನೀರು ಹೆಚ್ಚು ಕುಡಿಯುತ್ತದೆ. 24ರಿಂದ 72 ಗಂಟೆಗಳಲ್ಲಿ ಮೂತ್ರ ನಿಂತೇ ಹೋಗಬಹುದು. ನಿಂತ ಮೇಲೆ ಉಳಿಸುವುದು ಬಹಳ ಕಷ್ಟ.

ಇದೇ ಹೂವನ್ನು ನಾಯಿ ತಿಂದರೆ ಹೊಟ್ಟೆ ಕೆಡುತ್ತದೆ, ಮೂತ್ರಪಿಂಡಕ್ಕೆ ಈ ಹಾನಿಯಾಗುವುದಿಲ್ಲ. ನಾಯಿ ಸಾಕಿದವರು ತಮ್ಮ ಅನುಭವದಿಂದ ಬೆಕ್ಕಿನವರಿಗೆ ಧೈರ್ಯ ಹೇಳುವುದು ಇದಕ್ಕೇ ಅಪಾಯಕರ.

ಒಂಬತ್ತು ಇಪ್ಪತ್ತರ ಪ್ರಶ್ನೆ

7:15ಕ್ಕೆ ಇನ್ನೊಂದು ಸಲ ವಾಂತಿಯಾಯಿತು. ಒಂಬತ್ತರ ಹೊತ್ತಿಗೆ ಚಿನ್ನಿ ಮಂಚದ ಕೆಳಗಿನಿಂದ ಹೊರಬಂದು ಸೋಫಾದ ಮೇಲೆ ಮಲಗಿತು. ಮನೆಯವರಿಗೆ ಸಮಾಧಾನವಾಯಿತು. 9:20ಕ್ಕೆ ಗುಂಪಿನ ಸಂದೇಶ ನೋಡಿದವರು ಐದನೇ ಮಹಡಿಯ, ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಬೆಳಗಾವಿ ಕಡೆಯ ಶಿಕ್ಷಕಿ. ಕಟ್ಟಡದಲ್ಲಿ ಎಲ್ಲರಿಗೂ ಮೌಶಿ. ಅವರು ಫೋನ್ ಮಾಡಿ ಕೇಳಿದ್ದು ಇಷ್ಟೇ: "ಯವ್ವಾ, ಫೋಟೊದಾಗ ಇರೋದು ಪೀಸ್ ಲಿಲಿನ, ಖರೆ. ಆದ್ರ ಬೆಕ್ಕು ತಿಂದದ್ದು ಅದನ್ನ ಅಂತ ಹ್ಯಾಂಗ ಗೊತ್ತಾತು?"

"ಎಲಿ ಹರದಿತ್ತಲ್ಲ ಮೌಶಿ."

ಫೋಟೊ ನೋಡಿ ಗಿಡ ಗುರುತಿಸುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಕೇಳುವವರು ಒಂದು ಗಿಡವನ್ನು ಆಗಲೇ ಅಪರಾಧಿ ಎಂದು ಆರಿಸಿ, ಅದರ ಫೋಟೊ ಕಳಿಸಿರುತ್ತಾರೆ. ಉತ್ತರಿಸುವವರು ಆ ಗಿಡದ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಾರೆ. ಇರುವುದು ಎರಡು ಪ್ರಶ್ನೆ: ಇದು ಯಾವ ಗಿಡ, ಮತ್ತು ಹೊಟ್ಟೆಗೆ ಹೋದದ್ದು ಇದೇನಾ. ಎರಡನೆಯದಕ್ಕೆ ಉತ್ತರ ಕುಂಡದಲ್ಲಿ ಸಿಗುವುದಿಲ್ಲ, ವಾಂತಿಯಲ್ಲಿ, ಬೆಕ್ಕಿನ ಮೂತಿಯ ಮೇಲೆ, ಮತ್ತು ಮನೆಯಲ್ಲಿರುವ ಉಳಿದ ಎಲ್ಲ ಹಸಿರಿನಲ್ಲಿ ಸಿಗುತ್ತದೆ.

ಮೌಶಿ ಮೊದಲು ಹಳೆಯ ಫೋಟೊವನ್ನೇ ದೊಡ್ಡದು ಮಾಡಿ ನೋಡಿದ್ದರು. ಪೀಸ್ ಲಿಲಿ ಎಲೆಯ ಹರಿದ ಅಂಚಿನುದ್ದಕ್ಕೂ ಕಂದು ಬಣ್ಣದ ಒಣ ಗೆರೆ ಇತ್ತು. ಆರು ಗಂಟೆಯ ಹಿಂದೆ ಕಚ್ಚಿದ ಅಂಚು ಹಸಿರಾಗಿ, ಸ್ವಲ್ಪ ಒದ್ದೆಯಾಗಿ, ಅಥವಾ ಬರೀ ಮಬ್ಬಾಗಿ ಇರುತ್ತದೆ. ಒಣಗಿ ಕಂದಾಗಿ ಗಟ್ಟಿ ಗೆರೆ ಕಟ್ಟಲು ಕೆಲವು ದಿನ ಬೇಕು. ಅಂದರೆ ಈ ಎಲೆ ಹರಿದದ್ದು ನಿನ್ನೆ ರಾತ್ರಿಯಲ್ಲ. ಅಲ್ಲದೆ ಬೆಕ್ಕು ಬಾಯಿ ಉಜ್ಜಿಕೊಂಡದ್ದನ್ನು ಯಾರೂ ನೋಡಿರಲಿಲ್ಲ, ವಾಂತಿಯಲ್ಲಿ ಬಂದ ಚೂರುಗಳು ಉದ್ದವಾಗಿದ್ದವು ಎಂದು ಮನೆಯಾಕೆ ಹೇಳಿದರು. ಬಾಯಿ ಉರಿಸುವ ಎಲೆಯನ್ನು ಬೆಕ್ಕು ಅಷ್ಟುದ್ದ ನುಂಗುವುದು ಅಪರೂಪ. ಇವು ಯಾವುವೂ ಒಂಟಿಯಾಗಿ ಸಾಕಾಗುವ ಸಾಕ್ಷ್ಯವಲ್ಲ, ಆದರೆ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿದ್ದವು.

ಆಮೇಲೆ ಅವರು ಕೇಳಿದ್ದು ಹೊಸ ಫೋಟೊಗಳನ್ನು. ಯಾವುವು, ಹೇಗೆ ಎಂಬುದನ್ನು ಹೇಳಿಯೇ ಕೇಳಿದರು. ವಾಂತಿಯ ಚೂರುಗಳನ್ನು ಚಮಚದಿಂದ ಎತ್ತಿ ನೀರಿನಲ್ಲಿ ತೊಳೆದು, ಬಿಳಿ ತಟ್ಟೆಯ ಮೇಲೆ ಬಿಡಿಸಿ ಚಪ್ಪಟೆಯಾಗಿ ಹರಡಬೇಕು, ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯ ಇಡಬೇಕು. ಅದರ ಅಡ್ಡಳತೆ 27 ಮಿ.ಮೀ., ಹಾಗಾಗಿ ಚೂರಿನ ಅಗಲ ಫೋಟೊದಲ್ಲೇ ತಿಳಿಯುತ್ತದೆ. ಒಂದು ಚೂರನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಇನ್ನೊಂದು ಫೋಟೊ, ನರಗಳು ಕಾಣುವಂತೆ. ಹೂಗುಚ್ಛದ ಇಡೀ ಚಿತ್ರ ಒಂದು, ಎಲೆ ಕಾಂಡಕ್ಕೆ ಸೇರುವ ಜಾಗ ಒಂದು, ಹೂವಿನ ಎದುರಿನಿಂದ ಒಂದು, ಬದಿಯಿಂದ ಒಂದು. ಕೊನೆಗೆ ಬೆಕ್ಕಿನ ಮುಖ. ಫ್ಲ್ಯಾಶ್ ಬೇಡ, ಅದರಿಂದ ಎಲೆ ಹೊಳೆದು ನರ ಮರೆಯಾಗುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಸೂಕ್ಷ್ಮ ಗೆರೆಗಳು ಕಲಸಿಹೋಗುತ್ತವೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಬೇಕು.

9:40ಕ್ಕೆ ಏಳು ಫೋಟೊ ಬಂದವು.

ಚೂರನ್ನು ಓದುವುದು

ಪೀಸ್ ಲಿಲಿಯ ಎಲೆಗೆ ನಡುವೆ ದಪ್ಪ ನರ ಇದೆ. ಅದರಿಂದ ಎರಡೂ ಬದಿಗೆ ಪಕ್ಕದ ನರಗಳು ಓರೆಯಾಗಿ ಹೊರಟು ಅಂಚಿನ ಕಡೆಗೆ ಬಾಗುತ್ತವೆ, ಬಾಳೆ ಎಲೆಯ ಗೀರುಗಳ ಹಾಗೆ. ಎಲೆಯ ಮೇಲ್ಮೈಯಲ್ಲಿ ಅವು ಅಡ್ಡ ಅಡ್ಡ ತಗ್ಗುಗಳಾಗಿ ಬೆರಳಿಗೂ ತಿಳಿಯುತ್ತವೆ. ಎಲೆಯ ಎಂಥ ಸಣ್ಣ ಚೂರು ಸಿಕ್ಕರೂ ಈ ಓರೆ ಗೀರುಗಳು ಇರುತ್ತವೆ. ಲಿಲಿಯಮ್ ಎಲೆಯಲ್ಲಿ ನರಗಳು ಬುಡದಿಂದ ತುದಿಯವರೆಗೆ ಒಂದರ ಪಕ್ಕ ಒಂದು ಉದ್ದಕ್ಕೆ ಓಡುತ್ತವೆ. ಪಕ್ಕದ ಓರೆ ನರ ಕಾಣುವುದಿಲ್ಲ. ತಟ್ಟೆಯ ಮೇಲಿದ್ದ ಚೂರುಗಳಲ್ಲಿ ದೊಡ್ಡದು ನಾಣ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಗಲ, ಅಂದರೆ ಸುಮಾರು ಒಂದೂವರೆ ಸೆಂ.ಮೀ. ಎರಡೂ ಅಂಚು ಸಲೀಸಾಗಿತ್ತು. ಬೆಳಕಿಗೆ ಹಿಡಿದ ಫೋಟೊದಲ್ಲಿ ಉದ್ದ ಗೆರೆಗಳಷ್ಟೇ ಇದ್ದವು. ಪೀಸ್ ಲಿಲಿ ಅಲ್ಲ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಆದರೆ ಉದ್ದ ನರ ಇರುವ ಎಲೆ ಲಿಲಿಯಮ್ ಒಂದೇ ಅಲ್ಲ, ಈ ಹಂತದಲ್ಲಿ ಅವಸರ ಮಾಡಬಾರದು. ಗ್ರಿಲ್‌ನಲ್ಲೇ ಮಜ್ಜಿಗೆಹುಲ್ಲಿನ ಕುಂಡವಿತ್ತು, ಅದರ ಎಲೆಯೂ ಉದ್ದ ನರದ್ದು, ಬೆಕ್ಕಿಗೆ ಬಹಳ ಇಷ್ಟದ್ದು. ಮಜ್ಜಿಗೆಹುಲ್ಲಿನ ಅಂಚು ಬೆರಳು ಕೊಯ್ಯುವಷ್ಟು ಒರಟು, ನಡುವಿನ ನರ ಬೆನ್ನ ಕಡೆ ಎದ್ದಿರುತ್ತದೆ, ತೊಳೆದ ಮೇಲೂ ಉಜ್ಜಿದರೆ ವಾಸನೆ ಬರುತ್ತದೆ. ಚೂರಿನಲ್ಲಿ ಈ ಮೂರೂ ಇರಲಿಲ್ಲ. ಹೂಗುಚ್ಛದ ಹಿಂಬದಿಗೆ ಸೊಪ್ಪಾಗಿ ಡ್ರಸೀನಾ ಎಲೆಗಳನ್ನು ಸಿಕ್ಕಿಸಿದ್ದರು. ಅದೂ ಉದ್ದ ನರದ್ದೇ, ಬೆಕ್ಕಿಗೆ ವಾಂತಿ ತರುವಂಥದ್ದೇ, ಕೆಲವೊಮ್ಮೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಆದರೆ ಫೋಟೊದಲ್ಲಿ ಆ ಎಲೆಗಳಿಗೆ ಬಿಳಿ ಅಂಚಿತ್ತು, ಒಂದರ ಮೇಲೂ ಕಚ್ಚಿದ ಗುರುತಿರಲಿಲ್ಲ.

ಇನ್ನು ಉಳಿದದ್ದು ಹೂವು. ಗುಚ್ಛದಲ್ಲಿ ಎರಡು ಬಗೆಯ ಲಿಲಿಯಂಥ ಹೂಗಳಿದ್ದವು. ಸಣ್ಣವುಗಳ ಒಳ ಎಸಳಿನಲ್ಲಿ ಕಂದು ಗೀಟುಗಳು. ಅದು ಆಲ್‌ಸ್ಟ್ರೋಮೀರಿಯಾ, ಪೆರುವಿಯನ್ ಲಿಲಿ ಎಂದೂ ಕರೆಯುತ್ತಾರೆ. ಅದರ ಎಲೆ ಬುಡದಲ್ಲೇ ಅರ್ಧ ತಿರುಚಿಕೊಂಡು ಮಗುಚಿ ನಿಲ್ಲುತ್ತದೆ, ಕೆಳಗಿರಬೇಕಾದ ಮೈ ಮೇಲೆ ಬಂದಿರುತ್ತದೆ. ಎಲೆ ಕಾಂಡಕ್ಕೆ ಸೇರುವ ಜಾಗದ ಫೋಟೊ ಕೇಳಿದ್ದು ಮುಖ್ಯವಾಗಿ ಈ ತಿರುಚು ಇದೆಯೇ ಎಂದು ನೋಡಲು. ಆಲ್‌ಸ್ಟ್ರೋಮೀರಿಯಾದಿಂದ ಹೊಟ್ಟೆ ಸ್ವಲ್ಪ ಕೆಡಬಹುದು, ಮೂತ್ರಪಿಂಡ ಕೆಡುವುದಿಲ್ಲ. ದೊಡ್ಡ ಹೂವಿನ ಕಾಂಡ ಕವಲಿಲ್ಲದೆ ನೆಟ್ಟಗಿತ್ತು. ಎಲೆಗಳು ತೊಟ್ಟಿಲ್ಲದೆ ನೇರ ಕಾಂಡಕ್ಕೇ ಅಂಟಿ, ಸುತ್ತು ಸುತ್ತಾಗಿ ಮೇಲಕ್ಕೆ ಹತ್ತಿದ್ದವು, ತಿರುಚಿರಲಿಲ್ಲ. ಹೂವಿಗೆ ಆರು ಎಸಳು. ಇದು ಲಿಲಿಯಮ್. ಕೆಳಗಿನ ಮೂರು ಎಲೆಗಳ ತುದಿ ಇರಲಿಲ್ಲ, ಹರಿದ ಅಂಚು ಹಸಿರಾಗಿಯೇ ಇತ್ತು.

ಒಂದು ಗೊಂದಲ ಮಾತ್ರ ಉಳಿಯಿತು. ಅರಳಿದ ಹೂಗಳಲ್ಲಿ ಪರಾಗದ ಚೀಲಗಳೇ ಇರಲಿಲ್ಲ, ಆರು ಬರಿಯ ದಾರಗಳು ನಿಂತಿದ್ದವು. ಹೂವಿನವರು ಬಟ್ಟೆಗೆ ಕಲೆಯಾಗದಿರಲೆಂದು ಅರಳಿದ ಹೂವಿನ ಪರಾಗಚೀಲಗಳನ್ನು ಚಿವುಟಿಯೇ ಮಾರುತ್ತಾರೆ. ದಾದರಿನ ಹೂಬಜಾರಿನಲ್ಲಾಗಲಿ ಗಲ್ಲಿಯ ಅಂಗಡಿಯಲ್ಲಾಗಲಿ ಇದು ಸಾಮಾನ್ಯ. ಹಾಗಾಗಿ ಕಂದು ಪರಾಗ ಕಾಣಲಿಲ್ಲವೆಂದು ಲಿಲಿಯಮ್ ಅಲ್ಲ ಎನ್ನಬಾರದು. ಮತ್ತೆ, ಚಿವುಟುವುದು ಅರಳಿದವನ್ನು ಮಾತ್ರ. ಮೊಗ್ಗುಗಳು ಮನೆಗೆ ಬಂದ ಮೇಲೆ ಅರಳುತ್ತವೆ, ಪೂರ್ತಿ ಪರಾಗದೊಡನೆ. ಬದಿಯಿಂದ ತೆಗೆದ ಫೋಟೊದಲ್ಲಿ ಕೆಳಗಿನ ಒಂದು ಹೂವು ರಾತ್ರಿಯಷ್ಟೇ ಬಿರಿದಿತ್ತು. ಟಿ ಅಕ್ಷರದಂತೆ ದಾರದ ತುದಿಗೆ ಅಡ್ಡ ನಿಂತ ಆರು ಚೀಲಗಳಲ್ಲಿ ಎರಡು ಬರಿದಾಗಿದ್ದವು. ಕೊನೆಯ ಫೋಟೊದಲ್ಲಿ ಚಿನ್ನಿಯ ಬಿಳಿ ಗದ್ದದ ಮೇಲೆ, ಮೂಗಿನ ಎಡಬದಿಗೆ, ಇಟ್ಟಿಗೆ ಬಣ್ಣದ ಕಲೆ. ಮನೆಯವರು ಅದನ್ನು ಅರಿಶಿನ ಮೆಣಸಿನಪುಡಿಯ ಕಲೆ ಎಂದುಕೊಂಡಿದ್ದರು.

ಇದು ಏಷಿಯಾಟಿಕ್ಕೋ ಓರಿಯೆಂಟಲ್ಲೋ, ತಳಿಯ ಹೆಸರೇನು ಎಂದು ಮೌಶಿ ಹುಡುಕಲಿಲ್ಲ. ಬೇಕಾಗಿರಲಿಲ್ಲ. ಬೆಕ್ಕಿನ ವಿಷಯದಲ್ಲಿ ಗುರುತಿಸುವಿಕೆ ಮುಟ್ಟಬೇಕಾದದ್ದು ಕುಲದವರೆಗೆ: ಲಿಲಿಯಮ್ ಅಥವಾ ಹೆಮರೊಕ್ಯಾಲಿಸ್, ಹೌದೋ ಅಲ್ಲವೋ. ಡೇ ಲಿಲಿಯಾಗಿದ್ದರೆ ಎಲೆಗಳೆಲ್ಲ ನೆಲದಿಂದಲೇ ಬೀಸಣಿಗೆಯಂತೆ ಎದ್ದು, ಹೂವು ಎಲೆಯಿಲ್ಲದ ಬರಿಯ ದಂಟಿನ ಮೇಲೆ ಇರುತ್ತಿತ್ತು. ಚಿಕಿತ್ಸೆ ಅದಕ್ಕೂ ಇದಕ್ಕೂ ಒಂದೇ. ಫೋಟೊ ಮಬ್ಬಾಗಿ, ಚೂರು ಅರೆದುಹೋಗಿ ತೀರ್ಮಾನಕ್ಕೆ ಬರಲಾಗದಿದ್ದರೂ, ಮನೆಯಲ್ಲಿ ಲಿಲಿಯಮ್ ಇದ್ದು ಬೆಕ್ಕು ವಾಂತಿ ಮಾಡಿದ್ದರೆ ಅದನ್ನೇ ತಿಂದಿದೆ ಎಂದು ಹಿಡಿದು ನಡೆಯಬೇಕು. ಸುಮ್ಮನೆ ಎರಡು ದಿನ ಗ್ಲೂಕೋಸ್ ಬಾಟಲಿ ಏರಿಸಿದ್ದರಿಂದ ಆಗುವ ನಷ್ಟ ಖರ್ಚು ಮತ್ತು ತೊಂದರೆ. ಸುಮ್ಮನೆ ಕಾದದ್ದರ ನಷ್ಟ ಮರಳಿ ಬರುವಂಥದ್ದಲ್ಲ.

ಗಂಟೆಗಳ ಲೆಕ್ಕ

ಬೆಕ್ಕು ತಿಂದದ್ದು ಎಷ್ಟು ಹೊತ್ತಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇಂಥಲ್ಲಿ ವಾಂತಿ ನೋಡಿದ ಹೊತ್ತಿನಿಂದ ಎಣಿಸಬಾರದು, ಸಾಧ್ಯವಿದ್ದ ಅತಿ ಮೊದಲಿನ ಹೊತ್ತಿನಿಂದ ಎಣಿಸಬೇಕು. ಎಲ್ಲರೂ ಮಲಗಿದ್ದು ರಾತ್ರಿ 11ಕ್ಕೆ. ಸೇವಿಸಿ 18 ಗಂಟೆಯೊಳಗೆ ರಕ್ತನಾಳದ ಮೂಲಕ ದ್ರವ ಏರಿಸಲು ಶುರುಮಾಡಿದ ಬೆಕ್ಕುಗಳು ಸಾಮಾನ್ಯವಾಗಿ ಚೆನ್ನಾಗಿ ಉಳಿಯುತ್ತವೆ ಎಂಬುದು ಪಶುವೈದ್ಯರು ನೆಚ್ಚುವ ಗಡಿ. ಆ ಗಡಿ ಇಲ್ಲಿ ಭಾನುವಾರ ಸಂಜೆ 5. ಅದೂ ಹೊರಗಿನ ಗಡಿ, ಬೇಗ ಮಾಡಿದಷ್ಟೂ ಒಳ್ಳೆಯದು.

ಮನೆಯಲ್ಲಿ ಮಾಡಿದ್ದು ಎರಡೇ ಕೆಲಸ. ಒದ್ದೆ ಹತ್ತಿಯಿಂದ ಗದ್ದ, ಮೀಸೆ, ಮುಂಗಾಲು ಒರೆಸಿ, ಮತ್ತೆ ನೆಕ್ಕಿಕೊಳ್ಳದಂತೆ ಟವೆಲಿನಲ್ಲಿ ಸುತ್ತಿದರು. ಹೂವಿನ ಒಂದು ಕಾಂಡವನ್ನು, ತಟ್ಟೆಯ ಚೂರುಗಳನ್ನು ಬೇರೆಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡರು. ಹಾಲು ಕುಡಿಸಲಿಲ್ಲ, ಅದು ಪೀಸ್ ಲಿಲಿಯ ಉಪಾಯ, ಇಲ್ಲಿ ಉಪಯೋಗವಿಲ್ಲ. ಉಪ್ಪುನೀರು ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸುವ ಸಲಹೆ ಗುಂಪಿನಲ್ಲಿ ಬಂದಿತ್ತು. ಬೆಕ್ಕಿಗೆ ಎರಡೂ ಕೂಡದು. ಪೆರಾಕ್ಸೈಡ್ ಬೆಕ್ಕಿನ ಜಠರದ ಗೋಡೆಯನ್ನು ಸುಟ್ಟು ರಕ್ತ ಬರಿಸುತ್ತದೆ, ಉಪ್ಪಿನಿಂದ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರುತ್ತದೆ.

10:45ಕ್ಕೆ ದವಾಖಾನೆ ತಲುಪಿದಾಗ ಚೀಲದಲ್ಲಿದ್ದ ಕಾಂಡವೇ ಅರ್ಧ ಮಾತಾಡಿತು. ‘ಲಿಲಿ ತಿಂದಿದೆ’ ಎಂದಷ್ಟೇ ಹೇಳಿದ್ದರೆ ಯಾವ ಲಿಲಿ ಎಂಬಲ್ಲಿಂದ ಶುರುವಾಗಬೇಕಿತ್ತು. ಮೂರು ಸಲ ತಾನೇ ವಾಂತಿ ಮಾಡಿಕೊಂಡು, ತಿಂದು ಬಹಳ ಗಂಟೆ ಕಳೆದಿದ್ದರಿಂದ ವೈದ್ಯರು ಮತ್ತೆ ವಾಂತಿ ಮಾಡಿಸಲಿಲ್ಲ. ತಿಂದ ಒಂದೆರಡು ಗಂಟೆಯೊಳಗೆ ಬಂದಿದ್ದರೆ ಚುಚ್ಚುಮದ್ದಿನಿಂದ ವಾಂತಿ ಮಾಡಿಸಿ, ಇದ್ದಿಲಿನ ಔಷಧ ಕೊಡುತ್ತಿದ್ದರು. ರಕ್ತ ಮತ್ತು ಮೂತ್ರದ ಮಾದರಿ ತೆಗೆದು, ಕೊರಳಿಗೆ ಕೋನ್ ಹಾಕಿ, 11:15ಕ್ಕೆ ದ್ರವ ಹಚ್ಚಿದರು. ಅತಿ ಕೆಟ್ಟ ಲೆಕ್ಕದಲ್ಲೂ 12 ಗಂಟೆ 15 ನಿಮಿಷ.

ಈ ವಿಷಕ್ಕೆ ಪ್ರತಿವಿಷ ಇಲ್ಲ. ಮೂತ್ರಪಿಂಡದ ಮೂಲಕ ನೀರು ಹರಿಯುತ್ತಲೇ ಇರುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ದಿನಕ್ಕೆ ಪ್ರತಿ ಕಿಲೋಗೆ 50 ಮಿ.ಲೀ. ಎಂಬ ಸಾಮಾನ್ಯ ಅಗತ್ಯದ ಎರಡರಷ್ಟು ಹಿಡಿದರೆ 3.4 ಕೆ.ಜಿ.ಗೆ ದಿನಕ್ಕೆ 340 ಮಿ.ಲೀ., ಗಂಟೆಗೆ ಸುಮಾರು 14. ಮನುಷ್ಯರ ಕಣ್ಣಿಗೆ ಇದು ಚಮಚದ ಲೆಕ್ಕ, ಆದರೆ ಬೆಕ್ಕಿನ ಹೃದಯಕ್ಕೆ ಇದಕ್ಕಿಂತ ಹೆಚ್ಚಾದರೆ ಪುಪ್ಪುಸದಲ್ಲಿ ನೀರು ತುಂಬುವ ಭಯ. ಅದಕ್ಕೇ ಮಲಗಿದ್ದಾಗಿನ ಉಸಿರಿನ ಎಣಿಕೆ, ದಿನಕ್ಕೆ ಎರಡು ಸಲ ತೂಕ, ಟ್ರೇಯಲ್ಲಿ ಬಿದ್ದ ಮೂತ್ರದ ಅಳತೆ, ಎಲ್ಲವನ್ನೂ ಬರೆದಿಟ್ಟರು.

ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕಶ್ಮಲವಾದ ಕ್ರಿಯಾಟಿನಿನ್ ಮೊದಲ ದಿನ 1.3, ಅಂದರೆ ಸಾಮಾನ್ಯ ಮಟ್ಟದಲ್ಲೇ ಇತ್ತು. ಆ ಅಂಕಿ ನೋಡಿ ಮನೆಯವರು ಮನೆಗೆ ಕರೆದೊಯ್ಯುವುದಾಗಿ ಹೇಳಿದರು, ವೈದ್ಯರು ಬಿಡಲಿಲ್ಲ. ಮೂತ್ರಪಿಂಡದ ಮುಕ್ಕಾಲು ಭಾಗದಷ್ಟು ಕೆಲಸ ನಿಲ್ಲುವವರೆಗೂ ಕ್ರಿಯಾಟಿನಿನ್ ಸಾಮಾನ್ಯವಾಗಿಯೇ ಇರಬಹುದು. ಅದಕ್ಕಿಂತ ಮೊದಲು ಮೂತ್ರದಲ್ಲಿ ಸುಳಿವು ಸಿಗುತ್ತದೆ: ರಕ್ತದಲ್ಲಿ ಸಕ್ಕರೆ ಹೆಚ್ಚಿಲ್ಲದಿದ್ದರೂ ಮೂತ್ರದಲ್ಲಿ ಸಕ್ಕರೆ, ಪ್ರೋಟೀನು, ಸೂಕ್ಷ್ಮದರ್ಶಕದಲ್ಲಿ ನಳಿಗೆಯ ಆಕಾರದ ಅಚ್ಚುಗಳು. ಚಿನ್ನಿಯ ಮೊದಲ ಮಾದರಿಯಲ್ಲಿ ಪ್ರೋಟೀನು ಸ್ವಲ್ಪ ಇತ್ತು, ಅಚ್ಚುಗಳಿರಲಿಲ್ಲ. 24 ಗಂಟೆಗೆ ಕ್ರಿಯಾಟಿನಿನ್ 1.5, 48ಕ್ಕೆ 1.4, 72ಕ್ಕೆ 1.3. ಮೂತ್ರ ಒಂದು ದಿನವೂ ಕಡಿಮೆಯಾಗಲಿಲ್ಲ. ಬುಧವಾರ ಮಧ್ಯಾಹ್ನ ದ್ರವವನ್ನು ನಿಧಾನವಾಗಿ ಇಳಿಸಿ ಬಿಟ್ಟರು, ಒಂದು ವಾರದ ಮೇಲೆ ಮತ್ತೊಮ್ಮೆ ರಕ್ತ ನೋಡಲು ಹೇಳಿದರು. ಅದೂ 1.3ರಲ್ಲೇ ಇತ್ತು.

ಅಷ್ಟರಲ್ಲಿ ಮನೆಯಲ್ಲಿ ಹೂದಾನಿಯ ನೀರನ್ನು ಸಿಂಕಿಗೆ ಸುರಿಯದೆ ಶೌಚಕ್ಕೆ ಸುರಿದು, ಟಿ.ವಿ. ಕಪಾಟಿನ ಮೇಲಿನ ಪರಾಗವನ್ನು ಮೊದಲು ಅಂಟುಪಟ್ಟಿಯಿಂದ ಒತ್ತಿ ಎತ್ತಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಒಣ ಬಟ್ಟೆಯಲ್ಲಿ ಝಾಡಿಸಿದರೆ ಪರಾಗ ಹಾರಿ ಸೋಫಾದ ಮೇಲೆ ಕೂರುತ್ತದೆ.

ಹನ್ನೊಂದು ಕುಂಡ, ಮತ್ತು ಲಾಬಿಯ ‘ಪಾಮ್’

ಆ ವಾರ ಮೌಶಿಯ ಜೊತೆ ಕೂತು ಗ್ರಿಲ್‌ನ ಹನ್ನೊಂದು ಕುಂಡಕ್ಕೂ ಕುಲದ ಹೆಸರಿನ ಚೀಟಿ ಅಂಟಿಸಿದರು. ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ಹಳೆಯ ಹೆಸರಿನಿಂದಲೂ ಹುಡುಕಬೇಕು ಎಂಬುದು ಆಗ ಗೊತ್ತಾಯಿತು. ಸ್ನೇಕ್ ಪ್ಲಾಂಟ್ ಈಗ Dracaena trifasciata, ಆದರೆ ಹಲವು ಪಟ್ಟಿಗಳಲ್ಲಿ ಇನ್ನೂ Sansevieria ಎಂದೇ ಇದೆ. ಹನ್ನೊಂದರಲ್ಲಿ ನಾಲ್ಕು ಕೆಸುವಿನ ಬಗೆ. ಅವನ್ನು ಬೆಕ್ಕು ಏರಲಾಗದ ತೂಗುಬುಟ್ಟಿಗೆ ಹಾಕಿದರು. ಜೀವಕ್ಕೆ ಎರವಾಗುವಂಥದ್ದು ಒಂದೂ ಇರಲಿಲ್ಲ.

ಅಂಥದ್ದು ಸಿಕ್ಕಿದ್ದು ಕೆಳಗೆ, ಲಾಬಿಯಲ್ಲಿ. ಲಿಫ್ಟಿನ ಎರಡೂ ಬದಿಗೆ ‘ಪಾಮ್’ ಎಂದು ಸೊಸೈಟಿಯವರು ತಂದಿಟ್ಟ ಎರಡು ದೊಡ್ಡ ಕುಂಡ. ಎಡಗಡೆಯದು ಅರೆಕಾ ಪಾಮ್: ಬುಡದಿಂದ ಹಲವು ಸಣ್ಣ ಕೋಲುಗಳು, ಹಳದಿ ಹಸಿರು ಬಣ್ಣ, ಬಿದಿರಿನಂತೆ ಉಂಗುರ, ಎಲೆಯ ಪಟ್ಟಿ ಮೆತ್ತಗೆ. ನಾಯಿಗೂ ಬೆಕ್ಕಿಗೂ ವಿಷವಲ್ಲ. ಬಲಗಡೆಯದಕ್ಕೆ ಒಂದೇ ಗಿಡ್ಡ ದಪ್ಪ ಬೊಡ್ಡೆ, ಅದರ ತುಂಬ ಹಳೆಯ ಎಲೆಯ ಬುಡಗಳ ಒರಟು ಗುರುತು. ಎಲೆಯ ಪಟ್ಟಿಗಳು ಸೆಟೆದು ತುದಿ ಸೂಜಿಯಂತೆ ಚುಚ್ಚುತ್ತದೆ, ಅಂಚು ಕೆಳಕ್ಕೆ ಸುರುಳಿಯಾಗಿ ಮಡಚಿದೆ, ಪಟ್ಟಿಯ ನಡುವೆ ಒಂದೇ ಒಂದು ನರ. ಹೊಸ ಎಲೆಗಳು ಒಮ್ಮೆಲೇ ಗೊಂಚಲಾಗಿ, ಪಟ್ಟಿಗಳ ತುದಿ ಸುರುಳಿ ಸುತ್ತಿಕೊಂಡೇ ಬರುತ್ತವೆ. ಇದು ಪಾಮ್ ಅಲ್ಲ, ಸೈಕಸ್, ಹುಡುಕಬೇಕಾದ ಹೆಸರು Cycas revoluta. ದೂರದಿಂದ ತೆಗೆದ ಫೋಟೊದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಬೊಡ್ಡೆಯದೊಂದು, ಪಟ್ಟಿಯ ಅಡಿಮೈಯದೊಂದು ಫೋಟೊ ಇದ್ದರೆ ಸಂಶಯಕ್ಕೆ ಎಡೆಯಿಲ್ಲ.

ಸೈಕಸ್‌ನ ಎಲ್ಲ ಭಾಗದಲ್ಲೂ ಸೈಕಸಿನ್ ಎಂಬ ವಿಷವಿದೆ, ಬೀಜದಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದೆರಡು ಬೀಜ ಅಗಿದ ನಾಯಿ ಸತ್ತ ಉದಾಹರಣೆಗಳಿವೆ. ಲಿಲಿಯಂತೆಯೇ ಇದೂ ಮೋಸ ಮಾಡುತ್ತದೆ: ಮೊದಲ ಗಂಟೆಗಳಲ್ಲಿ ವಾಂತಿ, ಆಮೇಲೆ ಸುಧಾರಿಸಿದ ಹಾಗೆ, ಎರಡು ಮೂರು ದಿನಕ್ಕೆ ಯಕೃತ್ತು ಕೈಕೊಟ್ಟು ಕಣ್ಣು, ವಸಡು ಹಳದಿ. ಎರಡನೇ ಮಹಡಿಯ ಲ್ಯಾಬ್ರಡಾರ್ ಮರಿ ದಿನಕ್ಕೆ ನಾಲ್ಕು ಸಲ ಆ ಕುಂಡವನ್ನು ಮೂಸಿಕೊಂಡೇ ಲಿಫ್ಟ್ ಹತ್ತುತ್ತಿತ್ತು. ಅದರ ಮನೆಯವರಿಗೆ ಬೊಡ್ಡೆಯ ಫೋಟೊ ಮತ್ತು ಹೆಸರು ಕಳಿಸಲಾಯಿತು. ಶನಿವಾರದ ಸೊಸೈಟಿ ಸಭೆಯಲ್ಲಿ ಕುಂಡವನ್ನು ಬೀಗ ಹಾಕುವ ಗಚ್ಚಿಗೆ ಸಾಗಿಸಿದರು, ಅದರ ಜಾಗಕ್ಕೆ ಇನ್ನೊಂದು ಅರೆಕಾ ಬಂತು. ನರ್ಸರಿಯವರು ಅದನ್ನು ಇಳಿಸುವಾಗ ಮೌಶಿ ಬುಡದ ಉಂಗುರಗಳನ್ನು ನೋಡಿಯೇ ಒಳಗೆ ಬಿಟ್ಟರು.